ಶಾಫ್ಟ್ ಮೇಲ್ತುದಿಯಲ್ಲೇ ರೌಂಡ್‌ನೆಸ್ ತಪ್ಪು ಯಾಕೆ ಜಾಸ್ತಿ? ನಿಮ್ಮ ಅನುಭವ ಹೇಳಿ

ಕೇಳಿದವರು: ಗ್ರೈಂಡ್ ಮಾಡಿದ 25 ಮಿಮೀ ಶಾಫ್ಟ್, ಉದ್ದ 150. ಟೇಬಲ್ ತಿರುಗುವ ಮಷಿನ್‌. ಕೆಳಗಡೆ 0.35 ಮೈಕ್ರಾನ್, ಮೇಲೆ 0.7. ಡ್ರಾಯಿಂಗ್ ಮಿತಿ 0.5. ಶಾಫ್ಟ್ ತಲೆಕೆಳಗು ಮಾಡಿಟ್ಟರೂ ಮೇಲೇ ಜಾಸ್ತಿ. ರಿಜೆಕ್ಟ್ ಮಾಡಲಾ?

ಗ್ರೈಂಡಿಂಗ್ ಶಾಪ್: ಸ್ಪಿಂಡಲ್ ಬೇರಿಂಗ್ ನೋಡಿ. ನಮ್ಮ ಸೆಂಟರ್‌ಲೆಸ್‌ನಲ್ಲಿ ಮೂರು ಉಬ್ಬು ಬರುತ್ತಿತ್ತು, ಮೈಕ್ರೋಮೀಟರ್ ಇಟ್ಟರೆ ಎಲ್ಲಾ ಕಡೆ ಒಂದೇ ಸೈಜು! ವಿ-ಬ್ಲಾಕ್ ಮೇಲೆ ಇಟ್ಟು ಡಯಲ್ ಹಿಡಿದಾಗಲೇ ಗೊತ್ತಾಗಿದ್ದು.

ಕೇಳಿದವರು: ಗ್ರೈಂಡರ್‌ದಲ್ಲ ಅಣ್ಣ, ಅಳೆಯುವ ಮಷಿನ್‌ದು.

ಕ್ಯೂಸಿ ಹುಡುಗ: ಗಾಜಿನ ಗೋಳ ಇಟ್ಟು ನೋಡಿ, ಬಂದಷ್ಟನ್ನು 0.7ರಿಂದ ಕಳೆದುಬಿಡಿ. ನಾವು ಹಾಗೇ ಮಾಡುವುದು.

ಮೆಟ್ರಾಲಜಿಯವರು: ಗೋಳ ಇಡುವುದು ಸರಿ, ಕಳೆಯುವುದು ತಪ್ಪು. ಟೇಬಲ್ ತಿರುಗಿಸುವ ಸ್ಪಿಂಡಲ್‌ನ ಉಬ್ಬು ಒಂದು ಕಡೆ, ಶಾಫ್ಟ್ ಉಬ್ಬು ಇನ್ನೊಂದು ಕಡೆ ಇದ್ದರೆ ಒಂದನ್ನೊಂದು ತಿಂದುಹಾಕುತ್ತವೆ, ಒಂದೇ ಕಡೆ ಇದ್ದರೆ ಕೂಡುತ್ತವೆ. ಬರೀ ನಂಬರ್ ಕಳೆದರೆ ಏನೂ ಹೇಳಿದ ಹಾಗಾಗುವುದಿಲ್ಲ. ಅಲ್ಲದೆ ಗೋಳ ಟೇಬಲ್‌ಗೆ ಹತ್ತಿರ ಕೂರುತ್ತದೆ. ತಿರುಗುವಾಗ ಅಕ್ಷ ಸ್ವಲ್ಪ ಓಲಾಡಿದರೂ ಅದರ ಪರಿಣಾಮ ಎತ್ತರದ ಜೊತೆ ಬೆಳೆಯುತ್ತದೆ, ಅಲ್ಲಿ ಕೆಳಗೆ ಕಾಣುವುದೇ ಇಲ್ಲ. ನಿಮ್ಮದು ತಲೆಕೆಳಗು ಮಾಡಿದರೂ ಮೇಲೇ ಉಳಿಯಿತು ಅಂದರೆ ಅನುಮಾನ ಮಷಿನ್ ಮೇಲೆ.

ಮೊದಲು ಸುಲಭದ ಪರೀಕ್ಷೆ. ಶಾಫ್ಟ್‌ಗೂ ಟೇಬಲ್‌ಗೂ ಒಂದೊಂದು ಗುರುತು ಹಾಕಿ, ಮೇಲ್ತುದಿ ಅಳೆದು, ಶಾಫ್ಟನ್ನು ಮಾತ್ರ 90 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ಗ್ರಾಫ್‌ನ ಉಬ್ಬು ಶಾಫ್ಟ್ ಗುರುತಿನ ಜೊತೆ ಹೋದರೆ ಶಾಫ್ಟ್‌ದು, ಟೇಬಲ್ ಗುರುತಿನ ಹತ್ತಿರವೇ ನಿಂತರೆ ಸ್ಪಿಂಡಲ್‌ದು. 180 ತಿರುಗಿಸಿದರೆ ಅಂಡಾಕಾರ ಎರಡೂ ಸಲ ಒಂದೇ ಥರ ಕಾಣುತ್ತದೆ, ಮೋಸ ಹೋಗುತ್ತೀರಿ.

ಬೇರ್ಪಡಿಸಲೇಬೇಕು ಅಂದರೆ ಡೊನಾಲ್ಡ್‌ಸನ್ ರಿವರ್ಸಲ್. ಅದರಲ್ಲಿ ಶಾಫ್ಟನ್ನು 180 ತಿರುಗಿಸಿ, ಪ್ರೋಬನ್ನೂ ಎದುರು ಬದಿಗೆ ತರಬೇಕು. ಆಗ ಶಾಫ್ಟ್ ತಪ್ಪು ಹಾಗೇ ಇರುತ್ತದೆ, ಸ್ಪಿಂಡಲ್ ತಪ್ಪಿನ ಚಿಹ್ನೆ ತಿರುಗುತ್ತದೆ. ಒಂದು ಕೋನದಲ್ಲಿ ಮೊದಲು +0.30, ಆಮೇಲೆ +0.06 ಬಂತು ಅಂದುಕೊಳ್ಳಿ: ಕೂಡಿ ಅರ್ಧ ಮಾಡಿದರೆ ಶಾಫ್ಟ್‌ದು 0.18, ಕಳೆದು ಅರ್ಧ ಮಾಡಿದರೆ ಸ್ಪಿಂಡಲ್‌ದು 0.12. ಹೀಗೆ ಪ್ರತಿ ಕೋನಕ್ಕೂ. ಸುತ್ತಿಂದ ಸುತ್ತಿಗೆ ಬದಲಾಗುವ ನಡುಕ ಇದರಲ್ಲಿ ಹೋಗುವುದಿಲ್ಲ, ಅದಕ್ಕೆ ಹಲವು ಸುತ್ತುಗಳ ಸರಾಸರಿಯೇ ಗತಿ.

ಕೇಳಿದವರು: ನಮ್ಮ ಪ್ರೋಬ್ ಎದುರು ಬದಿಗೆ ಹೋಗುವುದಿಲ್ಲವಲ್ಲ ಸರ್. ಸಿಲಿಂಡ್ರಿಸಿಟಿಯೂ ಕೊಡಬೇಕು.

ಮೆಟ್ರಾಲಜಿಯವರು: ಹಾಗಾದರೆ ಶಾಫ್ಟನ್ನು ಟೇಬಲ್ ಮೇಲೆ 30-30 ಡಿಗ್ರಿ ಸರಿಸುತ್ತಾ 12 ಸಲ ಅಳೆಯಿರಿ. 12, 24 ಉಬ್ಬಿನ ಆಕಾರಗಳು ಮಾತ್ರ ಬೇರೆಯಾಗುವುದಿಲ್ಲ. ಸಿಲಿಂಡ್ರಿಸಿಟಿ ಬೇರೆ ಜಗಳ. ಅಲ್ಲಿ ಕಾಲಮ್ ಸ್ಪಿಂಡಲ್ ಅಕ್ಷಕ್ಕೆ ಸಮಾಂತರ ಇಲ್ಲದಿದ್ದರೆ ಶಾಫ್ಟ್‌ನಲ್ಲಿಲ್ಲದ ಟೇಪರ್ ಕಾಣುತ್ತದೆ. ತಲೆಕೆಳಗು ಮಾಡಿದಾಗಲೂ ದಪ್ಪ ತುದಿ ಮೇಲೇ ಇದೆಯಾ ನೋಡಿ.

ಕ್ಯೂಸಿ ಹುಡುಗ: ಒಳ್ಳೆಯ ಏರ್ ಬೇರಿಂಗ್‌ನಲ್ಲಿ ಇಷ್ಟು ವ್ಯತ್ಯಾಸ ಬರುತ್ತದಾ? ನನಗೇನೋ ಚಕ್ ಹಿಡಿತ ಸಡಿಲ ಅನಿಸುತ್ತೆ.

ಮೆಟ್ರಾಲಜಿಯವರು: ಅದೂ ಇರಬಹುದು. 0.35 ಮೈಕ್ರಾನ್ ಏರಿಕೆ ಏರ್ ಬೇರಿಂಗ್‌ಗೆ ಜಾಸ್ತಿಯೇ. 90 ಡಿಗ್ರಿ ಗ್ರಾಫ್ ಹಾಕಿ, ನೋಡೋಣ. ರಿಜೆಕ್ಟ್ ಸ್ಟಿಕ್ಕರ್ ಈಗಲೇ ಬೇಡ.