ಊರಿನ ಗ್ರೂಪಿಗೆ ರೂಲ್ಸ್ ಹಾಕೋದು ಹೇಗೆ

"ಚಿಕ್ಕಪ್ಪಾ, ನಮ್ಮೂರ ಗ್ರೂಪಲ್ಲಿ ಈಗ 600 ಜನ. ರೂಲ್ಸ್ ಹಾಕೋಣ ಅಂತ ಬರೆದ್ರೆ ಅಮ್ಮ ಓದಿ 'ಇದೇನೋ ಪೊಲೀಸ್ ಸ್ಟೇಷನ್ ಬೋರ್ಡ್ ಥರ ಇದೆ' ಅಂತಾರೆ. ಮೆತ್ತಗೆ ಬರೆದ್ರೆ ಒಬ್ರೂ ಕೇಳಲ್ಲ. ಬರೆದಿದ್ದು ಕಳಿಸಿದೀನಿ, ಒಂದ್ಸಲ ನೋಡಿ ಹೇಳಿ."

ನೋಡಿದೆ ಕಣೋ. ಟೈಪ್ ಮಾಡೋಕೆ ನನ್ನ ಕೈಲಾಗಲ್ಲ, ಬಾಯಲ್ಲೇ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ನೀನು ಬರೆದಿರೋದು ಹೀಗಿದೆ: "ಎಚ್ಚರಿಕೆ!! ಕೆಲವರು ಎಷ್ಟು ಸಲ ಹೇಳಿದರೂ ತಿದ್ದಿಕೊಳ್ಳುತ್ತಿಲ್ಲ. ಇನ್ನು ಮುಂದೆ ಗುಡ್ ಮಾರ್ನಿಂಗ್, ರಾಜಕೀಯ ಹಾಕುವಂತಿಲ್ಲ. ತಪ್ಪಿದಲ್ಲಿ ಕಠಿಣ ಕ್ರಮ ಜರುಗಿಸಲಾಗುವುದು."

ಮೊದಲು ಆ "ಕೆಲವರು" ತೆಗಿ. ನಿನ್ನ ಮನಸ್ಸಲ್ಲಿರೋದು ನಾಲ್ಕು ಜನ, ಅಲ್ವಾ? ಆ ನಾಲ್ಕು ಜನಕ್ಕೆ ಚುಚ್ಚತ್ತೆ, ಅವರೇನೂ ತಿದ್ಕೊಳಲ್ಲ. ಮಿಕ್ಕವರು "ಯಾರಿಗೆ ಹೇಳಿದ್ದು, ನನಗೇನಾ?" ಅಂತ ಸಂಜೆವರೆಗೂ ಫೋನಲ್ಲಿ ಮಾತಾಡ್ಕೋತಾರೆ. ಯಾವತ್ತೋ ಒಂದ್ಸಲ ದೀಪಾವಳಿ ಚಿತ್ರ ಹಾಕಿದ ಬಡಪಾಯಿ ಅತ್ತೆ ಗ್ರೂಪೇ ಬಿಟ್ಟು ಹೋಗ್ತಾಳೆ. ಜನರ ಸುದ್ದಿ ಬೇಡ, ಮೆಸೇಜಿನ ಸುದ್ದಿ ಮಾತ್ರ ಹೇಳು.

ಆಮೇಲೆ ಆ "ಕ್ರಮ ಜರುಗಿಸಲಾಗುವುದು". ಇದು ತಹಸೀಲ್ದಾರ್ ಆಫೀಸಿನ ಭಾಷೆ. ಯಾರು ಜರುಗಿಸ್ತಾರೆ, ಏನು ಜರುಗಿಸ್ತಾರೆ, ಒಂದೂ ಇಲ್ಲ. ಹೆದರಿಸಿದ ಹಾಗೂ ಇರತ್ತೆ, ಏನೂ ಮಾಡಲ್ಲ ಅನ್ನೋದೂ ಗೊತ್ತಾಗತ್ತೆ. ಅದರ ಬದಲು ಮಾಡೋದನ್ನೇ ಹೇಳು: "ಅಂಥ ಮೆಸೇಜ್ ಬಂದ್ರೆ ಅಡ್ಮಿನ್‌ಗಳು ಅಳಿಸ್ತೀವಿ." ವಾಟ್ಸಾಪಲ್ಲಿ ಅಡ್ಮಿನ್ ಅಳಿಸಿದ್ರೆ ಯಾವ ಅಡ್ಮಿನ್ ಅಳಿಸಿದ್ದು ಅಂತ ಅಲ್ಲಿ ಹೆಸರು ಬರತ್ತೆ, ಗೊತ್ತಲ್ಲ? ಮೊದಲೇ ಹೇಳದೆ ಅಳಿಸಿದ್ರೆ ಅದು ಜಗಳ. ಹೇಳಿ ಅಳಿಸಿದ್ರೆ ಬರೀ ಕೆಲಸ.

"ಹಾಕುವಂತಿಲ್ಲ" ಅನ್ನೋದರಲ್ಲಿ ಕೈಕಟ್ಟಿ ನಿಲ್ಲಿಸಿದ ಹಾಗಿದೆ. "ಹಾಕಬೇಡಿ" ಅಂದ್ರೆ ಬೆರಳು ಎದುರಿನವರ ಕಡೆ. "ಹಾಕೋದು ಬೇಡ" ಅನ್ನು, ಅದರಲ್ಲಿ ನೀನೂ ಸೇರ್ಕೋತೀಯ. ಹಾಗಂತ "ಆದಷ್ಟು", "ಸಾಧ್ಯವಾದರೆ" ಅಂತ ಸೇರಿಸ್ಬೇಡ, ಅವು ಬೇಲಿಯಲ್ಲಿ ಬಿಟ್ಟ ಕಂಡಿ. ದಯವಿಟ್ಟು ಒಂದ್ಸಲ ಸಾಕು. ಮೂರು ಸಲ ಬರೆದ್ರೆ ಬೇಡ್ಕೊಂಡ ಹಾಗಾಗತ್ತೆ.

ಇನ್ನು ಕಾರಣ. ನೀನು ಒಂದೂ ಬರೆದಿಲ್ಲ. ಹೋದ ವರ್ಷ ನಮ್ಮ ಕೇರಿಯ ಅಜ್ಜಿ ತೀರ್ಕೊಂಡ ಸುದ್ದಿ ಬೆಳಿಗ್ಗೆ 6ಕ್ಕೆ ಬಂತು, ಮಣ್ಣು 11ಕ್ಕೆ. ಅದರ ಮೇಲೆ ಹೂವು, ಸೂರ್ಯ, ದೇವರ ಚಿತ್ರ ಅಂತ 40 ಬಿದ್ದಿದ್ವು. ಮೈಸೂರಲ್ಲಿದ್ದ ನಾನು ನೋಡಿದ್ದು ಸಂಜೆ 4ಕ್ಕೆ. ಇದನ್ನ ಒಂದೇ ಸಾಲಲ್ಲಿ ಬರಿ, ಆ ಮನೆಯವರ ಹೆಸರು ಬೇಡ. ಊರವರಿಗೆ ಅರ್ಥ ಆಗತ್ತೆ.

ಆದ್ರೆ ಒಂದು ವಿಷಯ. ಒಂಟಿಯಾಗಿರೋ ವಯಸ್ಸಾದವರಿಗೆ ಆ ಗುಡ್ ಮಾರ್ನಿಂಗೇ "ನಾನು ಎದ್ದಿದೀನಿ, ಚೆನ್ನಾಗಿದೀನಿ" ಅಂತ ಹೇಳೋ ದಾರಿ. ಅದನ್ನ ಮುಚ್ಚಿದ್ರೆ ಸಿಟ್ಟು ಬಂದೇ ಬರತ್ತೆ. ಪಕ್ಕದಲ್ಲೇ ಇನ್ನೊಂದು ಗ್ರೂಪ್ ಮಾಡು, ಅರಳಿಕಟ್ಟೆ ಅಂತ ಹೆಸರಿಡು, ಅಲ್ಲಿ ಏನು ಬೇಕಾದ್ರೂ ಹಾಕ್ಲಿ.

ಒಟ್ಟಿಗೆ ಹೀಗೆ ಬರಿ: "ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಒಂದು ಸಾವಿನ ಸುದ್ದಿ ಚಿತ್ರಗಳ ಮಧ್ಯೆ ಕಳೆದುಹೋಗಿ ಹಲವರಿಗೆ ಮಣ್ಣಿಗೆ ಬರಲಾಗಲಿಲ್ಲ. ಅದಕ್ಕೇ ಸೋಮವಾರದಿಂದ ಈ ಗ್ರೂಪಲ್ಲಿ ಸಾವು, ಮದುವೆ, ಜಾತ್ರೆ, ರಕ್ತ ಬೇಕಾದ ಸುದ್ದಿ ಮಾತ್ರ ಇರಲಿ. ಶುಭೋದಯ, ಹರಟೆಗೆ ಅರಳಿಕಟ್ಟೆ ಇದೆ. ರಾಜಕೀಯ ಎರಡರಲ್ಲೂ ಬೇಡ. ತಪ್ಪಿ ಬಂದದ್ದನ್ನ ಅಡ್ಮಿನ್‌ಗಳು ಅಳಿಸ್ತೀವಿ, ಯಾರದೇ ಆಗಲಿ. ದಯವಿಟ್ಟು ಬೇಜಾರು ಮಾಡ್ಕೋಬೇಡಿ." ಅಷ್ಟೇ. ಕೆಂಪು ಗುರುತು, ಆಶ್ಚರ್ಯಸೂಚಕ ಏನೂ ಬೇಡ.

ಜಗಳ ನಡೆದ ದಿನ ಹಾಕ್ಬೇಡ, ಅದು ತೀರ್ಪು ಕೊಟ್ಟ ಹಾಗೆ. ಹಾಕಿದ ತಕ್ಷಣ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದ ಹಾಗೆ ಬೀಗಾನೂ ಹಾಕ್ಬೇಡ. ಒಂದು ದಿನ ಬೈಯೋರು ಬೈದ್ಕೊಳ್ಲಿ. ಮೆಸೇಜನ್ನ 30 ದಿನಕ್ಕೆ ಪಿನ್ ಮಾಡು, ಡಿಸ್ಕ್ರಿಪ್ಷನ್ನಲ್ಲೂ ಇಡು, ಹೊಸದಾಗಿ ಸೇರೋರು ಅಲ್ಲೇ ಓದ್ತಾರೆ.

ಮೊದಲು ತಪ್ಪೋದು ನಿನ್ನ ದೊಡ್ಡಪ್ಪಾನೇ, ಬರೆದಿಟ್ಕೋ. ಅವರದ್ದು ಬಿಟ್ಟು ಬೇರೆಯವರದ್ದು ಅಳಿಸಿದ್ಯೋ, ಮುಗೀತು, ಆಮೇಲೆ ಎಷ್ಟು ಸಿಹಿಯಾಗಿ ಬರೆದ್ರೂ ಅದು ಹಗೆಯಾಗೇ ಕಾಣತ್ತೆ. ಅಳಿಸೋಕೆ ಮುಂಚೆ ಒಂದು ಫೋನ್ ಮಾಡು: "ದೊಡ್ಡಪ್ಪಾ, ನಿಮ್ಮದನ್ನ ಅರಳಿಕಟ್ಟೆಗೆ ಹಾಕಿ, ಇಲ್ಲಿಂದ ತೆಗೀತಿದೀನಿ." ಕೇಳ್ತಾನೆ ಅಂದ್ಕೋಬೇಡ, ಗೊಣಗ್ತಾನೆ. ತೆಗಿ. ಅವನ ಜೊತೆ ನಾನು ಮಾತಾಡ್ಕೋತೀನಿ.