ಜೂನ್‌ನಲ್ಲಿ ಮಲ್ಲಿಗೆ ಕತ್ತರಿಸಬಹುದಾ? ಮನೆ ಗುಂಪಿನ ಚರ್ಚೆ

ಅನಂತ (ಬೆಂಗಳೂರು): ಕುಂಡದ ಗಿಡಗಳ ವರ್ಷದ ಕ್ಯಾಲೆಂಡರ್ ಹಾಕಿದ್ದೇನೆ, ಎಲ್ಲರೂ ಇಟ್ಟುಕೊಳ್ಳಿ. ಜೂನ್ ಬಂದ ಕೂಡಲೇ ಎಲ್ಲ ಗಿಡ ಕತ್ತರಿಸಿ, ಕುಂಡ ಬದಲಿಸಿ, ಗೊಬ್ಬರ ಹಾಕಬೇಕಂತೆ.

ಶಾರದಾ (ಉಡುಪಿ): ಅನಂತ, ಇಲ್ಲಿ ಹಾಗೆ ಮಾಡಿದರೆ ಗಿಡ ಉಳಿಯುವುದಿಲ್ಲ. ಕುಂಡ ಬದಲಿಸುವಾಗ ಬೇರು ಸ್ವಲ್ಪವಾದರೂ ಹರಿಯುತ್ತದೆ. ಅದು ಸುಧಾರಿಸುವ ಮೊದಲೇ ಮಣ್ಣು ಕೆಸರಾದರೆ ಬೇರು ಕೊಳೆಯುತ್ತದೆ. ಹಾಕಿದ ಗೊಬ್ಬರವೂ ಮಳೆ ನೀರಿನ ಜೊತೆ ಕುಂಡದ ತೂತಿನಿಂದ ಹೊರಗೆ ಹೋಗುತ್ತದೆ.

ಅನಂತ: ಅತ್ತಿಗೆ, ನಾನು ದಾಸವಾಳದ ಕುಂಡ ಬದಲಿಸುವುದು ಜೂನ್‌ನಲ್ಲೇ. ಗಿಡ ಚೆನ್ನಾಗಿಯೇ ಇದೆ.

ವಿದ್ಯಾ (ಮೈಸೂರು): ಚಿಕ್ಕಪ್ಪ, ಬೆಂಗಳೂರಿಗೆ ಅದು ಸರಿ. ಬೇಸಿಗೆ ಬಿಸಿಲು ಇಳಿದಿರುತ್ತದೆ. ನಿಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ಗೆ, ಅಷ್ಟರಲ್ಲಿ ಹೊಸ ಬೇರು ಬಿಟ್ಟಿರುತ್ತದೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಎರಡೂ ಊರಿಗೆ ಒಂದೇ ಕ್ಯಾಲೆಂಡರ್ ಹೇಗೆ ಆಗುತ್ತದೆ?

ಅನಂತ: ಸರಿ, ಕುಂಡ ಬದಲಿಸುವುದು ಬೇಡ. ಮಲ್ಲಿಗೆ ಕತ್ತರಿಸಬಹುದಲ್ವಾ? ಮಳೆಗೆ ಬೇಗ ಚಿಗುರುತ್ತದೆ.

ಶಾರದಾ: ಚಿಗುರುತ್ತದೆ, ಆದರೆ ಮೋಡದಲ್ಲಿ ಬಿಸಿಲು ಸಾಲದೆ ಕಡ್ಡಿ ಉದ್ದ ಹೋಗುತ್ತದೆ, ಮೊಗ್ಗು ಕಡಿಮೆ. ದುಂಡು ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆ ಚಿಗುರು ಬಿಸಿಲಿನ ಕಾಲಕ್ಕೆ ಬರಬೇಕು. ಅದಕ್ಕೇ ಡಿಸೆಂಬರ್‌ನಲ್ಲಿ ಕತ್ತರಿಸುವುದು. ಮೊದಲು ಒಂದು ವಾರ ನೀರು ಕಡಿಮೆ ಮಾಡು. ಆಮೇಲೆ ಗಿಡವನ್ನು ಅರ್ಧಕ್ಕೆ ಇಳಿಸು. ಒಣಗಿದ ಕಡ್ಡಿ, ಒಳಗೆ ಸಿಕ್ಕಿಕೊಂಡ ಸಣ್ಣ ಕಡ್ಡಿ ಎಲ್ಲ ತೆಗೆ. ಮಣ್ಣು ಸಡಿಲ ಮಾಡಿ ಎರಡು ಹಿಡಿ ಹಳೆ ಸಗಣಿ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ನೀರು ಕೊಡು. ಮಾರ್ಚ್ ಹೊತ್ತಿಗೆ ಮೊಗ್ಗು ಕಾಣುತ್ತದೆ.

ವಿದ್ಯಾ: ಕುಂಡದ ತುಂಬ ಬೇರು ಸುತ್ತಿಕೊಂಡಿದ್ದರೆ ಕುಂಡವನ್ನೂ ಆಗಲೇ ಬದಲಿಸಬಹುದು. ಏಪ್ರಿಲ್, ಮೇನಲ್ಲಿ ಮಾತ್ರ ಬೇಡ. ಹರಿದ ಬೇರಿಗೆ ಎಲೆ ಕೇಳುವಷ್ಟು ನೀರು ಎಳೆಯಲು ಆಗುವುದಿಲ್ಲ.

ಅನಂತ: ಹಾಗಾದರೆ ಮಳೆಗಾಲದಲ್ಲಿ ಎಲೆ ಹಳದಿಯಾದರೂ ಗೊಬ್ಬರ ಕೊಡದೆ ಸುಮ್ನೆ ಇರಬೇಕಾ?

ಶಾರದಾ: ಮೊದಲು ಮಣ್ಣು ಮುಟ್ಟಿ ನೋಡು. ಮಣ್ಣು ಒದ್ದೆ ಇದ್ದೂ ಗಿಡ ಬಾಡಿದ್ದರೆ ಬೇರು ಕೊಳೆಯುತ್ತಿರಬಹುದು. ಗಿಡ ಮೆಲ್ಲಗೆ ಹೊರಗೆಳೆ. ಒಳ್ಳೆ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಕೈಗೆ ಬರುತ್ತದೆ. ಆಗ ಗೊಬ್ಬರ ಹಾಕಿದರೆ ಇನ್ನೂ ಕೆಡುತ್ತದೆ. ಕೊಳೆತ ಬೇರು ಕತ್ತರಿಸಿ, ಮರಳು ಬೆರೆಸಿದ ಹೊಸ ಮಣ್ಣಿಗೆ ಹಾಕಿ ಮಾಡಿನ ಕೆಳಗಿಡು. ಬೇರು ಚೆನ್ನಾಗಿದ್ದು ಕೆಳಗಿನ ಹಳೆ ಎಲೆ ಮಾತ್ರ ಹಳದಿಯಾಗಿದ್ದರೆ ಸಾರ ತೊಳೆದುಹೋಗಿದೆ ಅಂತ. ಮಳೆ ಬಿಡುವು ಕೊಟ್ಟಾಗ ಒಂದು ಹಿಡಿ ಎರೆಗೊಬ್ಬರ ಸಾಕು.

ಅನಂತ: ದಾಸವಾಳವನ್ನು ನಾನು ಜೂನ್‌ನಲ್ಲೇ ಮಾಡುತ್ತೇನೆ ಅತ್ತಿಗೆ. ಮಲ್ಲಿಗೆಯನ್ನು ಡಿಸೆಂಬರ್‌ಗೆ ಬಿಡುತ್ತೇನೆ.

ಶಾರದಾ: ಹಾಗೇ ಮಾಡು. ಕುಂಡಗಳ ಕೆಳಗಿನ ತಟ್ಟೆ ಮಾತ್ರ ಇವತ್ತೇ ತೆಗೆದಿಡು, ಅದರಲ್ಲಿ ನೀರು ನಿಲ್ಲುತ್ತದೆ.