ಗಟ್ಟಿ ಮರದ ಹಲಗೆಯನ್ನು ಕಬ್ಬಿಣದ ಫ್ರೇಮಿಗೆ ಕೂರಿಸೋದು ಹೇಗೆ? ಸಹಾಯ ಬೇಕು

ನಮಸ್ಕಾರ. ಊಟದ ಮೇಜಿಗೆ 900 ಮಿ.ಮೀ. ಅಗಲದ ತೇಗದ ಹಲಗೆ ಜೋಡಿಸಿದ್ದೇನೆ. ಕೆಳಗೆ 40 ಮಿ.ಮೀ. ಚೌಕ ಪೈಪಿನ ಫ್ರೇಮ್. ಮೊದಲು ದುಂಡು ತೂತು ಕೊರೆದು ಎಲ್ಲ ಸ್ಕ್ರೂ ಬಿಗಿ ಮಾಡಿದ್ದೆ. ಬೇಸಿಗೆಯಲ್ಲಿ ಮರ ಕುಗ್ಗಿತು, ಸ್ಕ್ರೂ ಬಿಡಲಿಲ್ಲ, ಒಂದು ತುದಿ ಸೀಳಿತು. ತುಂಬಾ ಬೇಜಾರಾಯ್ತು.

ಸೀಳನ್ನು ಅಂಟು ಹಾಕಿ ಸರಿಮಾಡಿದೆ. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗಲ್ಲ, ಕುಗ್ಗಲ್ಲ, ಅಗಲಕ್ಕೆ ಮಾತ್ರ ಅಲ್ವಾ? ನನ್ನ ಲೆಕ್ಕಕ್ಕೆ ಒಟ್ಟು 6-7 ಮಿ.ಮೀ. ಹಾಗಾಗಿ ಅಡ್ಡ ಪೈಪುಗಳ ನಡುಭಾಗದಲ್ಲಿ ದುಂಡು ತೂತು, ಅಂಚುಗಳಲ್ಲಿ 6 ಮಿ.ಮೀ. ಸ್ಕ್ರೂಗೆ 14 ಮಿ.ಮೀ. ಉದ್ದದ ಸ್ಲಾಟ್ ಅಂದುಕೊಂಡಿದ್ದೇನೆ. ಆಗ ಎರಡೂ ಕಡೆಗೆ 4 ಮಿ.ಮೀ. ಜಾಗ ಸಿಗುತ್ತೆ.

ಗೊಂದಲ ಇಲ್ಲೇ. ಸ್ಕ್ರೂ ಪೈಪಿನ ಮೇಲಿನ, ಕೆಳಗಿನ ಎರಡು ಗೋಡೆ ದಾಟಬೇಕು. ಎರಡರಲ್ಲೂ ಸ್ಲಾಟ್ ಕೊರೆದು ಉದ್ದ ಸ್ಕ್ರೂ ಹಾಕಿದರೆ, ಮರ ಸರಿದಾಗ ಸ್ಕ್ರೂ ಓರೆಯಾಗಿ ಸಿಕ್ಕಿಕೊಳ್ಳಬಹುದು. ಝಡ್ ಕ್ಲಿಪ್ ಕೂರಿಸಲು ಮರದ ಚೌಕಟ್ಟಿನ ಹಾಗೆ ಪೈಪಿನಲ್ಲಿ ತೋಡು ಇಲ್ಲ. ಒಳಗೋಡೆಯನ್ನು ಸೀಳಿ ಕೂರಿಸೋಣ ಅಂದರೆ ಪೈಪ್ ಬಲ ಕಳೆದುಕೊಳ್ಳುತ್ತೇನೋ ಅಂತ ಹೆದರಿಕೆ.

ಮಾಡಿ ನೋಡಿದವರು ಹೇಳಿ: ಕೆಳಗೋಡೆಗೆ ಸ್ಕ್ರೂ ತಲೆ, ವಾಷರ್ ಹೋಗುವಷ್ಟು ದೊಡ್ಡ ತೂತು, ಮೇಲ್ಗೋಡೆಗೆ ಮಾತ್ರ ಸ್ಲಾಟ್ ಮಾಡಲೇ? ಅಥವಾ ಪೈಪಿನ ಒಳಬದಿಗೆ ಸ್ಲಾಟ್ ಇರುವ ಪಟ್ಟಿ ವೆಲ್ಡ್ ಮಾಡಿಸುವುದು ಒಳ್ಳೆಯದೇ?